ಬೆಡ್ 14ರ ರೋಗಿ ಬಿದ್ದ ಘಟನೆಯ ವರದಿ

ಇವರಿಗೆ: ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ
ಇವರಿಂದ: ರಾತ್ರಿ ಪಾಳಿಯ ಸ್ಟಾಫ್ ನರ್ಸ್, ಪುರುಷರ ಮೆಡಿಕಲ್ ವಾರ್ಡ್
ಸ್ಥಳ: ಮುಂಬೈ
ಘಟನೆ: 16 ಜುಲೈ 2024, ಮಂಗಳವಾರ, ರಾತ್ರಿ 2:38
ವರದಿ ಬರೆದದ್ದು: ಅದೇ ದಿನ ಬೆಳಿಗ್ಗೆ 11:15

ಮೇಡಂ, ಆಸ್ಪತ್ರೆಯ ಇಂಗ್ಲಿಷ್ ಫಾರ್ಮ್ ತುಂಬಿ ಇದರ ಜೊತೆ ಇಟ್ಟಿದ್ದೇನೆ. ವಿವರವನ್ನು ಕನ್ನಡದಲ್ಲಿ ಬರೆಯಲು ನೀವು ಫೋನಿನಲ್ಲಿ ಒಪ್ಪಿದ್ದೀರಿ. ರೋಗಿ ಮಾತಾಡುವುದು ಕನ್ನಡ ಮಾತ್ರ. ಈ ಘಟನೆಯಲ್ಲಿ ಅವರ ಮಾತೇ ಮುಖ್ಯ, ಅದು ಅವರು ಆಡಿದ ಹಾಗೆಯೇ ನಿಮಗೆ ತಲುಪಬೇಕು.

ಇಲ್ಲಿರುವ ಸಮಯಗಳೆಲ್ಲ ನನ್ನ ಫೋನಿನವು. ವಾರ್ಡಿನ ಗೋಡೆ ಗಡಿಯಾರ 6 ನಿಮಿಷ ಮುಂದಿದೆ. ಕೇಸ್ ಪೇಪರಿನಲ್ಲಿ ಘಟನೆಯ ಸಮಯ 2:44 ಎಂದಿರುವುದು ಅದನ್ನು ನೋಡಿ ಬರೆದದ್ದರಿಂದ. ಅದನ್ನು ತಿದ್ದಿಲ್ಲ, ಕೆಳಗೆ ಸಹಿ ಹಾಕಿ ಟಿಪ್ಪಣಿ ಸೇರಿಸಿದ್ದೇನೆ.

ರೋಗಿ

71 ವರ್ಷದ ಗಂಡಸು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಘಾಟ್ಕೋಪರ್‌ನಲ್ಲಿರುವ ಮಗನ ಮನೆಗೆ ಬಂದಿದ್ದರು. ಹಾರ್ಟ್ ಫೇಲ್ಯೂರ್‌ನಿಂದ ಉಸಿರಾಟದ ತೊಂದರೆ, ಕಾಲಿಗೆ ಊತ ಎಂದು 14ರಂದು ಮಧ್ಯಾಹ್ನ ದಾಖಲಾದರು. ಸಕ್ಕರೆ ಕಾಯಿಲೆ ಇದೆ. ಹಿಂದೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿವೆ. ನೀರು ಇಳಿಸುವ ಫ್ರೂಸೆಮೈಡ್ ಇಂಜೆಕ್ಷನ್ ನಿಲ್ಲಿಸಿ 15ರಿಂದ ಮಾತ್ರೆ ಶುರು ಮಾಡಿದ್ದರು. ಕ್ಯಾನುಲಾ ಇನ್ನೂ ಎಡಗೈಯಲ್ಲಿತ್ತು.

ನಾನು ನೋಡಿದ್ದು, ಕೇಳಿದ್ದು

ವಾರ್ಡಿನಲ್ಲಿ 28 ಬೆಡ್, ಆ ರಾತ್ರಿ 26 ರೋಗಿಗಳು. ನಾವು ಇಬ್ಬರು ನರ್ಸ್‌ಗಳು, ಒಬ್ಬ ವಾರ್ಡ್‌ಬಾಯ್. 11:45ಕ್ಕೆ ಬೆಡ್ 14ರವರು ಎಚ್ಚರವಿದ್ದರು. ಯೂರಿನ್ ಪಾಟ್ ಕೊಟ್ಟೆ. ಆಮೇಲೆ ಅದನ್ನು ತೊಳೆದು ಲಾಕರಿನ ಕೆಳಗಿನ ಅರೆಯಲ್ಲಿಟ್ಟೆ. ವಾರ್ಡಿನಲ್ಲಿ ಎಲ್ಲ ಬೆಡ್‌ಗೂ ಅದರ ಜಾಗ ಅದೇ. 2 ಗಂಟೆಯ ರೌಂಡಿನಲ್ಲಿ ಅವರು ಮಲಗಿದ್ದರು.

2:25ಕ್ಕೆ ಬೆಡ್ 6ರ ರೋಗಿಗೆ ಉಸಿರು ಕಟ್ಟಿತು. ನಾವಿಬ್ಬರೂ ಅಲ್ಲಿದ್ದೆವು. ವಾರ್ಡ್‌ಬಾಯ್ ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬ್‌ಗೆ ಹೋಗಿದ್ದ. 2:38ಕ್ಕೆ ಏನೋ ಧಪ್ಪೆಂದು ಬಿದ್ದ ಸದ್ದಾಯಿತು. ಜೊತೆಗಿದ್ದ ಸಿಸ್ಟರ್ ಬೆಡ್ 6ರಲ್ಲೇ ಉಳಿದರು, ನಾನು ಓಡಿದೆ.

ರೋಗಿ ಬೆಡ್ 14ರ ಎಡಬದಿಯ ನೆಲದ ಮೇಲೆ, ಲಾಕರಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಕಾಲು ಟಾಯ್ಲೆಟ್ ಕಡೆಗೆ ಚಾಚಿದ್ದವು. ಬರಿಗಾಲು. ಹವಾಯಿ ಚಪ್ಪಲಿ ಮಂಚದ ಬಲಗಡೆ, ಒಳಗೆ ಸರಿದಿತ್ತು. ಬಲಗಡೆಯ ರೇಲಿಂಗ್ ಮೇಲಿತ್ತು, ಎಡಗಡೆಯದು ಕೆಳಗಿತ್ತು. ಮಂಚದ ಬ್ರೇಕ್ ಹಾಕಿತ್ತು. ನೆಲದಲ್ಲಿ ಅಂಗೈ ಅಗಲದಷ್ಟು ಮೂತ್ರ ಚೆಲ್ಲಿತ್ತು, ಉಳಿದ ನೆಲ ಒಣಗಿತ್ತು. ಮೂತ್ರ ಬೀಳುವ ಮೊದಲೇ ಚೆಲ್ಲಿತ್ತೋ ಬಿದ್ದ ಮೇಲೋ ಹೇಳಲು ಆಗುವುದಿಲ್ಲ. ಅವರು ಬೀಳುವುದನ್ನು ಯಾರೂ ನೋಡಿಲ್ಲ. ಹಾಗಾಗಿ ‘ಜಾರಿದರು’ ಎಂದಾಗಲಿ ‘ತಲೆಸುತ್ತು ಬಂದು ಬಿದ್ದರು’ ಎಂದಾಗಲಿ ನಾನು ಎಲ್ಲೂ ಬರೆದಿಲ್ಲ.

ನಾನು ಪಕ್ಕದಲ್ಲಿ ಕುಳಿತು ಏನಾಯ್ತು ಎಂದು ಕೇಳಿದೆ. ಅವರು ಹೇಳಿದ್ದು:

“ಒಂದಕ್ಕ ಹೋಗಬೇಕಿತ್ರಿ. ಕರೀಬೇಕು ಅಂದ್ರ ಹ್ಯಾಂಗ ಕರೀಬೇಕೋ ಗೊತ್ತಾಗಲಿಲ್ಲ. ನೀವು ಆ ಕಡಿ ಪೇಷಂಟ್ ಕಡೆ ಗಡಿಬಿಡಿಯೊಳಗ ಇದ್ರಿ. ಸುಮ್ನ ತ್ರಾಸ ಯಾಕ ಕೊಡೂದು ಅಂತ ನಾನ ಎದ್ದೆ. ಕಾಲು ನೆಲಕ್ಕ ಹತ್ತಲಿಲ್ರಿ, ಕಣ್ಣಿಗೆ ಕತ್ತಲಿ ಬಂತು.”

ತಲೆಗೆ ಪೆಟ್ಟಾಯಿತಾ ಎಂದು ಕೇಳಿದ್ದಕ್ಕೆ “ನೆನಪಿಲ್ಲ” ಎಂದರು.

ಆಮೇಲೆ ಮಾಡಿದ್ದು

ಅವರನ್ನು ಎಬ್ಬಿಸಲಿಲ್ಲ. ಹೆಸರು, ಊರು, ಈಗ ಎಲ್ಲಿದ್ದೀರಿ ಎಂದು ಕೇಳಿದೆ, ಮೂರನ್ನೂ ಸರಿಯಾಗಿ ಹೇಳಿದರು. ಜಿಸಿಎಸ್ 15. ಎರಡೂ ಕಣ್ಣಿನ ಪಾಪೆ ಸಮ. ಕುತ್ತಿಗೆ ನೋವಿಲ್ಲ, ಕೈಕಾಲು ನಾಲ್ಕೂ ಆಡಿಸಿದರು. ಕಾಲು ಗಿಡ್ಡವಾಗಿಯೋ ಹೊರಕ್ಕೆ ತಿರುಗಿಯೋ ಇರಲಿಲ್ಲ. ಎಡ ಮೊಣಕೈಯಲ್ಲಿ 2 ಸೆಂಟಿಮೀಟರ್ ತರಚು ಗಾಯ, ಸ್ವಲ್ಪ ರಕ್ತ. ಬಿಪಿ 104/62, ನಾಡಿ 96, ಆಕ್ಸಿಜನ್ 95, ಸಕ್ಕರೆ 118.

2:42ಕ್ಕೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ, 2:51ಕ್ಕೆ ಬಂದರು. ಅವರು ನೋಡಿದ ಮೇಲೆ ನಾಲ್ಕು ಜನ ಸೇರಿ ಬೆಡ್‌ಶೀಟಿನಲ್ಲಿ ಎತ್ತಿ ಮಲಗಿಸಿದೆವು. ರಕ್ತ ತೆಳುವಾಗಿಸುವ ಎರಡು ಮಾತ್ರೆ ನಡೆಯುತ್ತಿವೆ, ಬಿದ್ದದ್ದನ್ನು ಯಾರೂ ನೋಡಿಲ್ಲ, ತಲೆಯ ಬಗ್ಗೆ ಅವರಿಗೇ ನೆನಪಿಲ್ಲ. ಈ ಮೂರು ಕಾರಣಕ್ಕೆ ಡಾಕ್ಟರ್ ತಲೆಯ ಸಿಟಿ ಸ್ಕ್ಯಾನ್ ಬರೆದರು. 3:50ಕ್ಕೆ ಆಯಿತು, ರಕ್ತಸ್ರಾವ ಇಲ್ಲ. ಸೊಂಟ ಮತ್ತು ಮೊಣಕೈ ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಜಿಸಿಎಸ್ ಮತ್ತು ಪಾಪೆ ನೋಡಿದ್ದೇವೆ. ಬದಲಾವಣೆ ಇಲ್ಲ.

3:05ಕ್ಕೆ ಮಗನಿಗೆ ಫೋನ್ ಮಾಡಿ ಕನ್ನಡದಲ್ಲೇ ಹೇಳಿದೆ: ಬಿದ್ದಿದ್ದಾರೆ, ಮಾತಾಡುತ್ತಿದ್ದಾರೆ, ಸ್ಕ್ಯಾನ್ ಮಾಡಿಸುತ್ತೇವೆ, ರಿಪೋರ್ಟ್ ಬಂದ ಕೂಡಲೇ ಮತ್ತೆ ಮಾಡುತ್ತೇನೆ. 4:20ಕ್ಕೆ ಮತ್ತೆ ಮಾಡಿದೆ. ಅವರು 5:30ಕ್ಕೆ ಬಂದರು. ಡಾಕ್ಟರ್ ಮತ್ತು ನಾನು ಇಬ್ಬರೂ ಕುಳಿತು ಅವರ ಜೊತೆ ಮಾತಾಡಿದೆವು.

ಬೀಳಲು ದಾರಿಯಾದ ಸಂಗತಿಗಳು

ಬೆಲ್‌ನಿಂದ ಶುರು ಮಾಡುತ್ತೇನೆ. ಅಡ್ಮಿಷನ್ ಫಾರ್ಮಿನಲ್ಲಿ ‘ಕಾಲ್ ಬೆಲ್ ತೋರಿಸಲಾಗಿದೆ’ ಎಂಬಲ್ಲಿ ಟಿಕ್ ಇದೆ. ಆ ಟಿಕ್ ಸರಿಯಾಗಿಯೇ ಇದೆ, ಬೆಲ್ ತೋರಿಸಿದ್ದರು. ತೋರಿಸಿದ ಸಿಸ್ಟರ್ ಜೊತೆ ಬೆಳಿಗ್ಗೆ ಮಾತಾಡಿದೆ. ಹಿಂದಿಯಲ್ಲಿ ಹೇಳಿದ್ದರು, ರೋಗಿ ತಲೆಯಾಡಿಸಿದ್ದರು. ನಮ್ಮ ಫಾರ್ಮ್ ಕೇಳುವುದು ತೋರಿಸಿದಿರಾ ಎಂದು ಮಾತ್ರ. ರೋಗಿಗೆ ತಿಳಿಯಿತಾ, ಯಾವ ಭಾಷೆ ಬರುತ್ತದೆ ಎಂದು ಕೇಳುವ ಜಾಗವೇ ಅದರಲ್ಲಿಲ್ಲ. ಹಳ್ಳಿಯಿಂದ ಬಂದ ಹಿರಿಯರು ಅರ್ಥವಾಗದಿದ್ದರೂ ಮರ್ಯಾದೆಗೆ ಹ್ಞೂಂ ಅಂದುಬಿಡುತ್ತಾರೆ, ಅಲ್ವಾ? ನನಗೆ ಕನ್ನಡ ಬರುತ್ತದೆ. ರಾತ್ರಿ 10ರ ರೌಂಡಿನಲ್ಲಿ ಊಟದ ಬಗ್ಗೆ, ಉಸಿರಿನ ಬಗ್ಗೆ ಅವರ ಜೊತೆ ಮಾತಾಡಿದ್ದೆ. ಬೆಲ್ ಬಗ್ಗೆ ಕೇಳಿರಲಿಲ್ಲ. ರೌಂಡಿನ ಹಾಳೆಯಲ್ಲೂ ಆ ಪ್ರಶ್ನೆ ಇಲ್ಲ. ಘಟನೆಯಾದಾಗ ಬೆಲ್ಲಿನ ವೈರು ತಲೆಯ ಹಿಂದೆ ಆಕ್ಸಿಜನ್ ಪೈಪಿಗೆ ಸುತ್ತಿಕೊಂಡಿತ್ತು. ಮಲಗಿದಲ್ಲಿಂದ ನಾನೇ ಕೈ ಚಾಚಿ ನೋಡಿದೆ, ಸಿಗಲಿಲ್ಲ.

ಎರಡನೆಯದು ಮಾತ್ರೆಯ ಹೊತ್ತು. ಆರ್ಡರ್ ಇದ್ದದ್ದು ‘ಫ್ರೂಸೆಮೈಡ್ 40 ಮಿಲಿಗ್ರಾಂ, ದಿನಕ್ಕೆ 2 ಸಲ’ ಎಂದು. ಹೊತ್ತು ಬರೆದಿರಲಿಲ್ಲ. ನಮ್ಮ ಡ್ರಗ್ ಚಾರ್ಟಿನಲ್ಲಿ 2 ಸಲದ ಮಾತ್ರೆಗೆ ಬೆಳಿಗ್ಗೆ 8, ರಾತ್ರಿ 8 ಎಂದು ಮೊದಲೇ ಅಚ್ಚಾಗಿದೆ. ಅದರಂತೆ ರಾತ್ರಿ 8:20ಕ್ಕೆ ಕೊಟ್ಟಿದ್ದೇನೆ. ಈ ಮಾತ್ರೆಯ ಪರಿಣಾಮ ಒಂದು ಗಂಟೆಯೊಳಗೆ ಶುರುವಾಗಿ 6ರಿಂದ 8 ಗಂಟೆ ಇರುತ್ತದೆ. ಅಂದರೆ ಸರಿರಾತ್ರಿ ದಾಟಿದರೂ ಮೂತ್ರಕ್ಕೆ ಏಳಬೇಕು. ಎರಡನೇ ಮಾತ್ರೆ ಮಧ್ಯಾಹ್ನವೇ ಸಿಕ್ಕಿದ್ದರೆ ಈ ಒತ್ತಡ ಬಹುಪಾಲು ಸಂಜೆ, ಬೆಳಕಿರುವಾಗ, ಮಗ ಪಕ್ಕದಲ್ಲಿರುವಾಗ ಮುಗಿಯುತ್ತಿತ್ತು. ಡಾಕ್ಟರ್ ಬರೆದದ್ದು ವಾಡಿಕೆಯಂತೆ, ನಾನು ಕೊಟ್ಟದ್ದು ಚಾರ್ಟಿನಂತೆ. ಬದಲಾಗಬೇಕಾದ್ದು ಚಾರ್ಟು.

ಬೆಳಿಗ್ಗೆ 9:30ಕ್ಕೆ ಡಾಕ್ಟರ್ ಹೇಳಿದಂತೆ ಬಿಪಿ ನೋಡಿದೆವು. ಮಲಗಿದಾಗ 124/76, ಎದ್ದು ನಿಂತ ಒಂದು ನಿಮಿಷಕ್ಕೆ 98/62. ಮೇಲಿನ ಬಿಪಿ 20ಕ್ಕಿಂತ ಜಾಸ್ತಿ ಇಳಿದಿದೆ. ನಿಂತಾಗ ಬಿಪಿ ಎಷ್ಟಿರುತ್ತದೆ ಎಂದು ಇದಕ್ಕೆ ಮೊದಲು ನೋಡಿರಲಿಲ್ಲ, ಅದು ವಾರ್ಡಿನ ರೂಢಿಯಲ್ಲಿಲ್ಲ. ‘ಕಣ್ಣಿಗೆ ಕತ್ತಲಿ ಬಂತು’ ಎಂದ ಅವರ ಮಾತಿನ ಪಕ್ಕದಲ್ಲಿ ಈ ಎರಡು ಅಂಕಿಗಳನ್ನು ದಯವಿಟ್ಟು ಇಟ್ಟು ನೋಡಿ.

‘ಕಾಲು ನೆಲಕ್ಕ ಹತ್ತಲಿಲ್ಲ’ ಎಂದದ್ದನ್ನೂ ನೋಡಿದೆ. ಫಿಸಿಯೋ ಅವರ ಟೇಪು ತಂದು ಅಳೆದೆ. ಬೆಡ್ 14 ನೆಲದಿಂದ ಹಾಸಿಗೆಯ ಮೇಲಿನವರೆಗೆ 69 ಸೆಂಟಿಮೀಟರ್. ಪಕ್ಕದ ಬೆಡ್ 13 ಕೇವಲ 54. ಬೆಡ್ 14ರ ಹ್ಯಾಂಡಲ್ ತಿರುಗುತ್ತದೆ, ಮಂಚ ಇಳಿಯುವುದಿಲ್ಲ. ರೋಗಿ ಗಿಡ್ಡ ಆಳು. ಅಂಚಿನಲ್ಲಿ ಕುಳಿತರೆ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತದೆ.

ಮೋರ್ಸ್ ಸ್ಕೋರ್ ಅಡ್ಮಿಷನ್ ದಿನ 35 ಬಂದಿತ್ತು: ಎರಡನೇ ಕಾಯಿಲೆಗೆ 15, ಕ್ಯಾನುಲಾಗೆ 20. ರೋಗಿ ವೀಲ್‌ಚೇರಿನಲ್ಲಿ ಬಂದದ್ದರಿಂದ ನಡಿಗೆ ನೋಡಲು ಆಗಿರಲಿಲ್ಲ, ಅಲ್ಲಿ 0 ಬಿತ್ತು. ಎರಡು ವಾರದ ಹಿಂದೆ ಮನೆಯ ಬಚ್ಚಲಲ್ಲಿ ಬಿದ್ದಿದ್ದರು ಎಂದು ಮಗ ಹೇಳಿದ್ದು ಇವತ್ತು ಬೆಳಿಗ್ಗೆ. ಆಗಲೇ ತಿಳಿದಿದ್ದರೆ 25 ಅದಕ್ಕೆ, 10 ನಿಶ್ಶಕ್ತಿಯ ನಡಿಗೆಗೆ ಸೇರಿ 70 ಆಗುತ್ತಿತ್ತು. 45 ದಾಟಿದರೆ ಹೆಚ್ಚಿನ ಅಪಾಯ ಎಂದು ನರ್ಸ್ ಟೇಬಲ್ ಎದುರಿನ ಬೆಡ್ ಕೊಡುತ್ತೇವೆ.

ಪಾಟ್ ಲಾಕರಿನ ಕೆಳಗಿತ್ತು, ಬಗ್ಗದೆ ಸಿಗುವ ಜಾಗವಲ್ಲ. ಟಾಯ್ಲೆಟ್ ಬಾಗಿಲಿನ ದೀಪ ಉರಿಯುತ್ತಿತ್ತು.

ಆಗಿರುವುದು, ಆಗಬೇಕಿರುವುದು

ರೋಗಿಯನ್ನು ನರ್ಸ್ ಟೇಬಲ್ ಎದುರಿನ ಬೆಡ್ 2ಕ್ಕೆ ತಂದಿದ್ದೇವೆ. ಪಾಟ್ ಕೈಗೆ ಸಿಗುವಲ್ಲಿ ರೇಲಿಂಗಿಗೆ ತೂಗಿದೆ. ಎರಡನೇ ಫ್ರೂಸೆಮೈಡ್ ಮಧ್ಯಾಹ್ನ 2 ಗಂಟೆಗೆ ಎಂದು ಡಾಕ್ಟರ್ ತಿದ್ದಿ ಬರೆದಿದ್ದಾರೆ. ಕ್ಯಾನುಲಾ ತೆಗೆದಿದ್ದೇವೆ. ಬೆಡ್ 14ಕ್ಕೆ ‘ಬಳಸಬೇಡಿ’ ಚೀಟಿ ಅಂಟಿಸಿ ಮೇಂಟೆನೆನ್ಸ್‌ಗೆ ದೂರು ಕೊಟ್ಟಿದ್ದೇವೆ.

ನಿಮ್ಮಿಂದ ಆಗಬೇಕಾದದ್ದು ಮುಖ್ಯವಾಗಿ ಫಾರ್ಮಿನ ಆ ಒಂದು ಸಾಲು. ‘ಬೆಲ್ ತೋರಿಸಲಾಗಿದೆ’ ಬದಲು ‘ರೋಗಿಯೇ ಬೆಲ್ ಒತ್ತಿ ತೋರಿಸಿದರು’ ಎಂದಾಗಲಿ, ಪಕ್ಕದಲ್ಲಿ ರೋಗಿಯ ಭಾಷೆ ಬರೆಯುವ ಜಾಗವೂ ಇರಲಿ. ಒತ್ತಲು ಭಾಷೆ ಬೇಕಿಲ್ಲ, ಮರಾಠಿ ಸಿಸ್ಟರ್ ಕೂಡ ಕೈಸನ್ನೆಯಲ್ಲಿ ಮಾಡಿಸಬಹುದು. ಡ್ರಗ್ ಚಾರ್ಟಿನಲ್ಲಿ ನೀರಿಳಿಸುವ ಮಾತ್ರೆಗೆ ಬೆಳಿಗ್ಗೆ 8, ಮಧ್ಯಾಹ್ನ 2 ಎಂಬ ಬೇರೆ ಕಾಲಂ ಬೇಕು. ಅದಕ್ಕೆ ಫಾರ್ಮಸಿ ಮತ್ತು ಮೆಡಿಸಿನ್ ವಿಭಾಗದ ಒಪ್ಪಿಗೆ ನೀವು ಕೇಳಬೇಕಾಗುತ್ತದೆ. ಉಳಿದ 27 ಮಂಚಗಳ ಎತ್ತರ ಈ ವಾರದಲ್ಲೇ ಅಳೆದು ಕೊಡುತ್ತೇನೆ.

ಈ ವರದಿ ಬರೆಯುವ ಮೊದಲು ಜೊತೆಗಿದ್ದ ಸಿಸ್ಟರ್, ವಾರ್ಡ್‌ಬಾಯ್, ಅಡ್ಮಿಷನ್ ಮಾಡಿದ ಸಿಸ್ಟರ್, ಡ್ಯೂಟಿ ಡಾಕ್ಟರ್ ನಾಲ್ವರ ಜೊತೆಗೂ ಮಾತಾಡಿದ್ದೇನೆ, ಓದಿ ಹೇಳಿದ್ದೇನೆ. ಅಡ್ಮಿಷನ್ ಸಿಸ್ಟರ್ ಅತ್ತರು. ಅವರನ್ನು ವಿವರಣೆ ಕೇಳಲು ಒಬ್ಬರನ್ನೇ ಕರೆಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕೇಳುವುದಿದ್ದರೆ ನಮ್ಮೆಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಕೇಸ್ ಪೇಪರಿನಲ್ಲಿ ತಪಾಸಣೆ, ಚಿಕಿತ್ಸೆ, ಮನೆಯವರಿಗೆ ತಿಳಿಸಿದ್ದು ಇಷ್ಟೇ ಇದೆ. ಈ ವರದಿಯನ್ನು ಅದಕ್ಕೆ ಸೇರಿಸಿಲ್ಲ.

11 ಗಂಟೆಗೆ ರೋಗಿಯ ಜಿಸಿಎಸ್ 15, ಬಿಪಿ 122/74, ಮೊಣಕೈ ನೋವು ಸ್ವಲ್ಪ ಇದೆ. ಬೆಲ್ ಹೇಗೆ ಒತ್ತುವುದೆಂದು ಬೆಳಿಗ್ಗೆ ಕನ್ನಡದಲ್ಲಿ ಹೇಳಿ, ಮೂರು ಸಲ ಅವರಿಂದಲೇ ಒತ್ತಿಸಿದೆ. 10:40ಕ್ಕೆ ಬೆಡ್ 2ರ ಬೆಲ್ ಬಾರಿಸಿತು. ಮೂತ್ರಕ್ಕೆಂದು ಕರೆದಿದ್ದರು.

ಸಹಿ
ಸ್ಟಾಫ್ ನರ್ಸ್, ರಾತ್ರಿ ಪಾಳಿ
16-7-2024