ವೀಳ್ಯದೆಲೆ ತರಕಾರಿಯೇ? ಶನಿವಾರದ ಓದಿಗೆ ಕೇಸ್ ಟಿಪ್ಪಣಿ

ಕೇಸು: ರಾಮಾವತಾರ್ ಬುಧೈಪ್ರಸಾದ್ ಮತ್ತು ಇತರರು ವಿರುದ್ಧ ಸಹಾಯಕ ಮಾರಾಟ ತೆರಿಗೆ ಅಧಿಕಾರಿ, ಅಕೋಲಾ
ಎಲ್ಲಿದೆ: ಎಐಆರ್ 1961 ಎಸ್‌ಸಿ 1325
ಕಾನೂನು: ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್ ಮಾರಾಟ ತೆರಿಗೆ ಕಾಯ್ದೆ, 1947, ಸೆಕ್ಷನ್ 6 ಮತ್ತು ಎರಡನೇ ಷೆಡ್ಯೂಲ್
ಯಾರಿಗೆ: ನಮ್ಮ ಮಂಡ್ಯ ಆಫೀಸಿನ ಹೊಸ ಜೂನಿಯರ್‌ಗಳಿಗೆ

ಸಾರ್ ಹೇಳಿದ್ದು ಇಷ್ಟೇ: "ತೀರ್ಪು ಏನು ಅಂತ ಬರೀಬೇಡಮ್ಮ, ಅದು ಎಲ್ಲಾ ಗೈಡ್‌ನಲ್ಲೂ ಇದೆ. ಯಾವ ನಿಯಮ ಎಷ್ಟು ಕೆಲಸ ಮಾಡ್ತು ಅಂತ ಬರಿ." ಹಾಗಾಗಿ ಒಂದೊಂದು ನಿಯಮವನ್ನೂ ತೆಗೆದುಹಾಕಿ, ಅದಿಲ್ಲದೆ ತೀರ್ಪು ನಿಲ್ಲುತ್ತಿತ್ತೇ ಎಂದು ನೋಡಿದ್ದೇನೆ.

ಮೊದಲು ಸಂಗತಿ. ಈ ಕಾಯ್ದೆಯ ಎರಡನೇ ಷೆಡ್ಯೂಲ್‌ನಲ್ಲಿರುವ ಸರಕುಗಳಿಗೆ ಮಾರಾಟ ತೆರಿಗೆ ಇರಲಿಲ್ಲ. ಅದರ 6ನೇ ನಮೂದು 'ವೆಜಿಟೆಬಲ್ಸ್'. 36ನೇ ನಮೂದು ವೀಳ್ಯದೆಲೆ. ಎರಡೂ ಬೇರೆ ಬೇರೆ ಸಾಲು. 1948ರ ತಿದ್ದುಪಡಿಯಲ್ಲಿ 36ನೇ ನಮೂದನ್ನು ತೆಗೆದುಹಾಕಿದರು. 6ನೇದು ಹಾಗೇ ಉಳಿಯಿತು. ಆಮೇಲೆ ಅಕೋಲಾದ ಎಲೆ ವ್ಯಾಪಾರಿಗಳಿಗೆ ತೆರಿಗೆ ಬಿತ್ತು. ಅವರ ವಾದ ಸರಳ: "36 ಹೋದರೆ ಹೋಗಲಿ, ಎಲೆ ಬಳ್ಳಿಯಲ್ಲಿ ಬೆಳೆಯುವ ಹಸಿರು ಪದಾರ್ಥ. ಅದು ವೆಜಿಟೆಬಲ್ಲೇ. 6ನೇ ನಮೂದಿನಲ್ಲಿ ನಮಗೆ ವಿನಾಯಿತಿ ಇದೆ." ಕಾಯ್ದೆಯಲ್ಲಿ 'ವೆಜಿಟೆಬಲ್ಸ್' ಪದಕ್ಕೆ ವ್ಯಾಖ್ಯೆ ಇರಲಿಲ್ಲ. ಜಗಳಕ್ಕೆ ಜಾಗ ಸಿಕ್ಕಿದ್ದು ಅಲ್ಲೇ.

ಈ ವಾದವನ್ನು ಕೇಳಿ ನಗಬೇಡಿ. ಇಂಗ್ಲಿಷ್ ನಿಘಂಟು ತೆಗೆದರೆ ವ್ಯಾಪಾರಿಗಳ ಮಾತಿಗೆ ಬಲ ಇದೆ. 'ವೆಜಿಟೆಬಲ್' ಅಂದರೆ ಗಿಡ, ಗಿಡದ ಭಾಗ, ಗಿಡದಿಂದ ಬಂದದ್ದು ಎಂಬ ಅಗಲವಾದ ಅರ್ಥ ಅದರಲ್ಲಿ ಸಿಗುತ್ತದೆ. ಪದದ ಅಕ್ಷರಾರ್ಥವೇ ಮೊದಲು ಎಂಬ ನಿಯಮವನ್ನು ಇಲ್ಲಿಗೇ ನಿಲ್ಲಿಸಿದರೆ ಎಲೆ ವ್ಯಾಪಾರಿ ಗೆದ್ದ. ಆದರೆ ಅದೇ ಲೆಕ್ಕದಲ್ಲಿ ಹತ್ತಿ, ಸೌದೆ, ಭತ್ತದ ಹುಲ್ಲು ಎಲ್ಲವೂ ವಿನಾಯಿತಿಗೆ ಬರಬೇಕಾಗುತ್ತದೆ. (ಈ ಉದಾಹರಣೆಗಳು ನನ್ನವು, ಕೋರ್ಟಿನವಲ್ಲ. ಕೋರ್ಟಿನಲ್ಲಿ ಉಲ್ಲೇಖಿಸಲು ಹೋಗಬೇಡಿ.)

ಎಲೆ ತರಕಾರಿ ಅಲ್ಲ ಎನ್ನಲು ಸುಪ್ರೀಂ ಕೋರ್ಟ್ ಹಿಡಿದದ್ದು ಬಳಕೆಯ ಅರ್ಥದ ನಿಯಮವನ್ನು. ತೀರ್ಪು ಬರೆದವರು ನ್ಯಾಯಮೂರ್ತಿ ಕಪೂರ್. ಅವರ ಮಾತಿನ ಸಾರ ಹೀಗಿದೆ: ಇದು ದಿನಬಳಕೆಯ ಪದ, ಸಸ್ಯಶಾಸ್ತ್ರದವರ ಅರ್ಥ ಇಲ್ಲಿ ಬೇಡ. ಕಾನೂನು ಯಾವ ವಿಷಯದ ಬಗ್ಗೆ ಇದೆಯೋ ಆ ವಿಷಯ ಬಲ್ಲ ಜನ ಪದಕ್ಕೆ ಕೊಡುವ ಅರ್ಥವನ್ನೇ ಕೊಡಬೇಕು. ಇದಕ್ಕೆ ಬೆಂಬಲವಾಗಿ ನಾಗಪುರ ಹೈಕೋರ್ಟಿನ ಒಂದು ತೀರ್ಪು ಇತ್ತು. ಪಾನ್ ವ್ಯಾಪಾರಿಗಳ ಸಂಘವೇ ಅಲ್ಲಿ ಹೋರಾಡಿತ್ತು. ತರಕಾರಿ ಅಂದರೆ ಮನೆಯ ಕೈತೋಟದಲ್ಲಿ ಬೆಳೆದು ಊಟಕ್ಕೆ ಬಳಸುವಂಥದ್ದು ಎಂದು ಆ ಕೋರ್ಟ್ ಹೇಳಿತ್ತು. ಇನ್ನೊಂದು ಕೆನಡಾದ ಕೇಸು, ಪ್ಲಾಂಟರ್ಸ್ ನಟ್ ಅಂಡ್ ಚಾಕಲೇಟ್ ಕಂಪನಿಯದು. ಅಲ್ಲಿ ಕೇಳಿದ ಪ್ರಶ್ನೆ ಸೊಗಸಾಗಿದೆ: ರಾತ್ರಿ ಊಟಕ್ಕೆ ಹಣ್ಣೋ ತರಕಾರಿಯೋ ತಗೊಂಡು ಬನ್ನಿ ಅಂದರೆ, ಮನೆಯವರು ಉಪ್ಪು ಹಾಕಿದ ಕಡಲೆಕಾಯಿ ಬೀಜವನ್ನೋ ಗೋಡಂಬಿಯನ್ನೋ ತರುತ್ತಾರಾ?

ನಮ್ಮೂರಿಗೆ ತಂದು ನೋಡಿ. ಅಮ್ಮ "ತರಕಾರಿ ಏನೂ ಇಲ್ಲ, ತಗೊಂಡ್ ಬಾ" ಅಂದಾಗ ಮೈಸೂರು ಚಿಗುರೆಲೆಯ ಒಂದು ಕಟ್ಟು ಹಿಡಿದು ಮನೆಗೆ ಹೋದರೆ ಏನಾಗುತ್ತದೆ? ನಮ್ಮ ಮನೆಯಲ್ಲಾದರೆ ಆ ದಿನ ಸಾರೂ ಇಲ್ಲ, ಊಟವೂ ಇಲ್ಲ. ನಮ್ಮಲ್ಲಿ ಎಲೆ ಹೋಗುವುದು ಅಡಿಕೆ, ಸುಣ್ಣದ ಜೊತೆಗೆ, ತಾಂಬೂಲದ ತಟ್ಟೆಗೆ.

ಈಗ ಒಂದು ತಕರಾರು. ಇದನ್ನು ಗೈಡ್‌ಗಳು ಬರೆಯುವುದಿಲ್ಲ. 'ವಿಷಯ ಬಲ್ಲ ಜನ' ಯಾರು? ಮಾರಾಟ ತೆರಿಗೆ ಕಾಯ್ದೆಯಲ್ಲಿ ವಿಷಯ ಬಲ್ಲವರು ವ್ಯಾಪಾರಿಗಳು. ಕೆನಡಾದ ಪ್ರಶ್ನೆ ಕೇಳುವುದು ಮನೆಯವರನ್ನು. ಇಬ್ಬರೂ ಒಂದೇ ಅಲ್ಲ. ವೀಳ್ಯದೆಲೆಯ ವಿಷಯದಲ್ಲಿ ಇಬ್ಬರ ಉತ್ತರವೂ ಒಂದೇ ಆದ್ದರಿಂದ ಕೋರ್ಟಿಗೆ ತೊಂದರೆ ಆಗಲಿಲ್ಲ. ಇಬ್ಬರೂ ಬೇರೆ ಬೇರೆ ಹೇಳುವ ಸರಕು ಬಂದರೆ ಈ ನಿಯಮ ಒಂದೇ ಸಾಲದು.

ಇನ್ನೂ ಒಂದು. ಯಾವ ಭಾಷೆಯ ಬಳಕೆ? ನಾವು 'ಸೊಪ್ಪು ತರಕಾರಿ' ಅಂತ ಎರಡನ್ನೂ ಸೇರಿಸಿ ಹೇಳುತ್ತೇವೆ, ಅಲ್ವಾ? ಅಂದರೆ ನಮ್ಮ ಬಾಯಲ್ಲಿ ಸೊಪ್ಪು ಬೇರೆ, ತರಕಾರಿ ಬೇರೆ. ಕನ್ನಡದ ಬಳಕೆಯನ್ನೇ ಕಟ್ಟುನಿಟ್ಟಾಗಿ ಹಿಡಿದರೆ ದಂಟಿನ ಸೊಪ್ಪಿಗೂ ತೆರಿಗೆ ಬೀಳಬಹುದಿತ್ತು. ಇದು ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಪಶ್ಚಿಮ ಬಂಗಾಳದ ಕಾಯ್ದೆ ಈ ಜಾಗದಲ್ಲಿ ಜಾಣತನ ತೋರಿತ್ತು. ಅಲ್ಲಿನ ನಮೂದಿನಲ್ಲೇ, ಸಾಮಾನ್ಯವಾಗಿ ಸಬ್ಜಿ, ತರಕಾರಿ ಅಥವಾ ಶಾಕ್ ಎನ್ನುವ ವೆಜಿಟೆಬಲ್‌ಗಳು ಎಂದು ಬರೆದಿದ್ದರು. 1977ರಲ್ಲಿ ವಾಷಿ ಅಹ್ಮದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಓದಿ ಹಸಿ ಶುಂಠಿಯೂ ತರಕಾರಿಯೇ ಎಂದಿತು. ಶುಂಠಿಯನ್ನು ಯಾರೂ ಪಲ್ಯ ಮಾಡುವುದಿಲ್ಲ. ರುಚಿಗೆ ಹಾಕುತ್ತಾರೆ, ಅಷ್ಟು ಸಾಕು ಎಂದಾಯಿತು. ನಿಯಮ ಅದೇ ಬಳಕೆಯ ಅರ್ಥ. ಆದರೆ ಅಕೋಲಾದಲ್ಲಿ ತೆರಿಗೆ ಇಲಾಖೆ ಗೆದ್ದಿತು, ಬಂಗಾಳದಲ್ಲಿ ವ್ಯಾಪಾರಿ ಗೆದ್ದ.

ಹಾಗಾದರೆ ಅಕೋಲಾದ ಕೇಸನ್ನು ಗಟ್ಟಿ ಮಾಡಿದ್ದು ಯಾವುದು? ಷೆಡ್ಯೂಲ್ ಮತ್ತು ಅದರ ಚರಿತ್ರೆ. ಕೋರ್ಟ್ ಎರಡು ವಿಷಯ ಗಮನಿಸಿತು. ಶಾಸನಸಭೆ 'ವೆಜಿಟೆಬಲ್ಸ್' ಮತ್ತು ವೀಳ್ಯದೆಲೆ ಎಂದು ಬೇರೆ ಬೇರೆ ನಮೂದು ಮಾಡಿತ್ತು. ಎಲೆ ತರಕಾರಿಯೊಳಗೇ ಇದ್ದಿದ್ದರೆ ಇನ್ನೊಂದು ಸಾಲು ಯಾಕೆ ಬೇಕಿತ್ತು? ಶಾಸನದಲ್ಲಿ ಒಂದು ಪದವನ್ನೂ ವ್ಯರ್ಥ ಎಂದುಕೊಳ್ಳಬಾರದು ಎಂಬ ನಿಯಮ ಇಲ್ಲಿ ಒಳಗಿಂದ ಕೆಲಸ ಮಾಡಿದೆ. ಎರಡನೆಯದು, ಆಮೇಲೆ ಆ ಸಾಲನ್ನೇ ಕಿತ್ತುಹಾಕಿದ್ದು. ಎಲೆಗೆ ವಿನಾಯಿತಿ ಬೇಡ ಎಂಬ ಉದ್ದೇಶಕ್ಕೆ ಅದು ಸೂಚನೆ ಎಂದು ಕೋರ್ಟ್ ಓದಿತು.

ಆದರೆ ಈ ಎರಡನೇ ಸೂಚನೆಯನ್ನು ಒಂಟಿಯಾಗಿ ನಿಲ್ಲಿಸಿ ನೋಡಿ. ನಾನು ವ್ಯಾಪಾರಿಗಳ ಪರ ವಕೀಲೆಯಾಗಿದ್ದರೆ ಹೀಗೆ ಕೇಳುತ್ತಿದ್ದೆ: "ಸ್ವಾಮಿ, ಎಲೆ ಮೊದಲೇ 6ನೇ ನಮೂದಿನಲ್ಲಿತ್ತು. 36 ಬೇಡದ ಸಾಲು, ಕಸ ಗುಡಿಸುವಾಗ ಅದನ್ನೂ ಗುಡಿಸಿದರು. ತೆಗೆದದ್ದು ಸಾಲನ್ನು, ವಿನಾಯಿತಿಯನ್ನಲ್ಲ." ಈ ವಾದ ಬಡವಾದರೂ ಸತ್ತಿಲ್ಲ. ಅದನ್ನು ಸಾಯಿಸುವುದು ಬಳಕೆಯ ಅರ್ಥ. ಜನರ ಬಾಯಲ್ಲಿ ಎಲೆ ತರಕಾರಿ ಅಲ್ಲವಾದರೆ, 6ನೇ ನಮೂದಿನಲ್ಲಿ ಅದು ಎಂದೂ ಇರಲೇ ಇಲ್ಲ. ಆಗ 36 ಬೇಡದ ಸಾಲಲ್ಲ, ಎಲೆಗಿದ್ದ ಒಂದೇ ಆಸರೆ. ಅದು ಹೋದ ಮೇಲೆ ಏನೂ ಉಳಿಯಲಿಲ್ಲ.

ತಿರುಗಿಸಿ ನೋಡಿದರೂ ಹಾಗೇ. ಬಳಕೆಯ ಅರ್ಥ ಒಂದೇ ಇದ್ದಿದ್ದರೆ ಶುಂಠಿಯ ಹಾಗೆ ಎಳೆದಾಡಬಹುದಿತ್ತು. "ಊಟವಾದ ಮೇಲೆ ಎಲೆ ಹಾಕಿಕೊಳ್ಳುವುದೂ ಊಟದ ಭಾಗವೇ" ಎಂದು ಮಂಡ್ಯದ ಯಾವ ಅಜ್ಜಿಯಾದರೂ ಪ್ರಮಾಣ ಮಾಡಿ ಹೇಳುತ್ತಾರೆ! ಆ ಬಾಗಿಲನ್ನು ಮುಚ್ಚಿದ್ದು ಎರಡು ಪ್ರತ್ಯೇಕ ನಮೂದುಗಳು. ನನ್ನ ಅಭಿಪ್ರಾಯದಲ್ಲಿ ಹೆಸರು ಮಾಡಿದ್ದು ಬಳಕೆಯ ಅರ್ಥ. ಆದರೆ ಷೆಡ್ಯೂಲ್ ಇಲ್ಲದೆ ಅದು ಇಷ್ಟು ಸಲೀಸಾಗಿ ಗೆಲ್ಲುತ್ತಿರಲಿಲ್ಲ. ನಂತರದ ಕೇಸುಗಳು ಉಲ್ಲೇಖಿಸುವುದು ಮಾತ್ರ ಮೊದಲನೆಯದನ್ನೇ ಜಾಸ್ತಿ.

ಬಳಸದೇ ಬಿಟ್ಟ ನಿಯಮವೂ ಮುಖ್ಯ. ತೆರಿಗೆ ಕಾನೂನಿನಲ್ಲಿ ಅನುಮಾನ ಬಂದರೆ ಲಾಭ ತೆರಿಗೆ ಕಟ್ಟುವವನಿಗೆ ಎನ್ನುತ್ತೇವೆ. ಇಲ್ಲಿ ಅದು ಕೆಲಸಕ್ಕೆ ಬರಲಿಲ್ಲ, ಯಾಕೆಂದರೆ ಬಳಕೆಯ ಅರ್ಥ ಹಿಡಿದ ಕೂಡಲೇ ಅನುಮಾನವೇ ಉಳಿಯಲಿಲ್ಲ. ಆ ನಿಯಮ ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲಲ್ಲೇ ಅದನ್ನು ಕೇಳಿದರೆ ಜಡ್ಜ್ ಮುಖ ಸಿಂಡರಿಸುತ್ತಾರೆ. ಇವತ್ತು ಇದೇ ಕೇಸು ಬಂದರಂತೂ ಎಲೆ ವ್ಯಾಪಾರಿಗೆ ಆ ಮೆಟ್ಟಿಲೂ ಇಲ್ಲ. 2018ರಲ್ಲಿ ದಿಲೀಪ್ ಕುಮಾರ್ ಅಂಡ್ ಕಂಪನಿ ಕೇಸಿನಲ್ಲಿ ಐವರ ಪೀಠ, ವಿನಾಯಿತಿ ಅಧಿಸೂಚನೆಯಲ್ಲಿ ಅನುಮಾನ ಬಂದರೆ ಲಾಭ ಸರ್ಕಾರಕ್ಕೆ ಎಂದಿದೆ. ತೆರಿಗೆ ಹಾಕುವ ಸೆಕ್ಷನ್ನು ಬೇರೆ, ವಿನಾಯಿತಿ ಕೊಡುವುದು ಬೇರೆ. ನಮ್ಮ ಕಕ್ಷಿದಾರರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಮಂಡ್ಯದವರಾಗಿ ಇನ್ನೊಂದು ಕೇಸು ಬಿಟ್ಟರೆ ತಪ್ಪಾಗುತ್ತದೆ. ಮೋತಿಪುರ್ ಜಮೀನ್ದಾರಿ ಕಂಪನಿ, ಎಐಆರ್ 1962 ಎಸ್‌ಸಿ 660. ಬಿಹಾರದಲ್ಲಿ 'ಗ್ರೀನ್ ವೆಜಿಟೆಬಲ್ಸ್'ಗೆ ವಿನಾಯಿತಿ ಇತ್ತು. ಕಬ್ಬು ಅದರಲ್ಲಿ ಬರುತ್ತದಾ ಎಂಬ ಪ್ರಶ್ನೆ. ಎಲೆ ಕೇಸಿನ ದಾರಿಯಲ್ಲೇ ಹೋಗಿ, ಬರುವುದಿಲ್ಲ ಎಂದರು. ಕಬ್ಬು ತರಕಾರಿಯಾ ಎಂದು ನಮ್ಮ ಗದ್ದೆ ಬಯಲಿನಲ್ಲಿ ಕೇಳಿದರೆ ಬೆಲ್ಲದ ಗಾಣದ ಹತ್ತಿರ ಕೂತವರು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಆದರೂ ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಶನಿವಾರ ಬರುವಾಗ ಕರಿಬೇವಿನ ಮೇಲೆ ಎರಡೂ ಕಡೆಯ ವಾದ ತಯಾರು ಮಾಡಿಕೊಂಡು ಬನ್ನಿ. ಷೆಡ್ಯೂಲ್‌ನಲ್ಲಿ 'ವೆಜಿಟೆಬಲ್ಸ್' ಮಾತ್ರ ಇದೆ, ಬೇರೆ ಸಾಲು ಇಲ್ಲ ಎಂದಿಟ್ಟುಕೊಳ್ಳಿ. ಮತ್ತೆ, ಆಫೀಸಿನ ಹಳೇ ಇಂಡೆಕ್ಸ್ ಪುಸ್ತಕದಲ್ಲಿ ಈ ಕೇಸಿನ ಎದುರು ಯಾರೋ ಪೆನ್ಸಿಲ್‌ನಲ್ಲಿ "ನಿಘಂಟು ನೋಡಬಾರದು" ಎಂದು ಬರೆದಿದ್ದಾರೆ. ಕೋರ್ಟ್ ಹಾಗೆ ಹೇಳಿಲ್ಲ. ನಿಘಂಟು ನೋಡಿದ ಮೇಲೆ, ಇಲ್ಲಿ ಅದರ ಅಗಲವಾದ ಅರ್ಥ ಹೊಂದುವುದಿಲ್ಲ ಎಂದಿದೆ. ಆ ಸಾಲನ್ನು ನಾನು ಅಳಿಸಿದ್ದೇನೆ. ಯಾರದ್ದು ಎಂದು ಕೇಳಬೇಡಿ, ಅಕ್ಷರ ಸಾರ್‌ದೇ ಇದ್ದ ಹಾಗಿದೆ.