ಮಗಳ ಐಡಿ ಕಾರ್ಡ್ ಫೋಟೋ ಬದಲಾಯಿಸಿ ಕೊಡಿ ಅಂತ ಸ್ಕೂಲ್ ಆಫೀಸಿಗೆ ಪತ್ರ

ವಿಷಯ: 8ನೇ ಕ್ಲಾಸ್ ಬಿ ಸೆಕ್ಷನ್, ರೋಲ್ ನಂಬರ್ 23, ಐಡಿ ಕಾರ್ಡಿನ ಫೋಟೋ ಬದಲಾಯಿಸೋ ಬಗ್ಗೆ

ಆಫೀಸ್‌ನ ಎಲ್ಲರಿಗೂ ನಮಸ್ಕಾರ,

ನಾನು 8 ಬಿ, ರೋಲ್ ನಂಬರ್ 23 ಹುಡುಗಿಯ ಅಮ್ಮ. ಹೋದ ಸೋಮವಾರ ಕ್ಲಾಸಲ್ಲಿ ಹೊಸ ಐಡಿ ಕಾರ್ಡ್ ಕೊಟ್ರಲ್ಲ, ಅದರಲ್ಲಿ ಹೆಸರು, ಹುಟ್ಟಿದ ತಾರೀಖು, ಬ್ಲಡ್ ಗ್ರೂಪ್, ನಮ್ಮ ಫೋನ್ ನಂಬರ್ ಎಲ್ಲಾ ಸರಿಯಾಗಿದೆ, ಫೋಟೋ ಮಾತ್ರ ತುಂಬಾ ಕೆಟ್ಟಿದೆ, ದಯವಿಟ್ಟು ಅದನ್ನ ಬದಲಾಯಿಸಿ ಕೊಡ್ಬೇಕು ಅಂತ ಕೇಳೋಕೆ ಬರೀತಿದೀನಿ.

ಬೇರೆ ಮಗುವಿನ ಫೋಟೋ ಬಂದಿದೆ ಅಂತಲ್ಲ. ಸ್ಕೂಲಲ್ಲೇ ತೆಗೆದ ಅವಳದ್ದೇ ಫೋಟೋ, ಆದ್ರೆ ಎಡಿಟ್ ಮಾಡಿರೋ ರೀತಿಗೆ ಅವಳ ಹಾಗೆ ಕಾಣಲ್ಲ. ಹಿಂದಿನ ಬ್ಯಾಕ್‌ಗ್ರೌಂಡ್ ತೆಗೆದು ನೀಲಿ ಹಾಕುವಾಗ ಬಲಗಿವಿ ಅರ್ಧ ಹೋಗಿದೆ, ಜಡೆಯ ಒಂದು ಕಡೆ ಕತ್ತರಿ ಹಾಕಿದ ಹಾಗಿದೆ. ಉದ್ದ ಫೋಟೋನ ಚೌಕದ ಜಾಗಕ್ಕೆ ಎಳೆದು ಕೂರಿಸಿದಾರೆ ಅನ್ಸುತ್ತೆ, ಮುಖ ಅಡ್ಡಕ್ಕೆ ಅಗಲ ಆಗಿಬಿಟ್ಟಿದೆ. ಇಷ್ಟೇ ಆಗಿದ್ರೆ ನಾನು ಬಹುಶಃ ಮುಂದಿನ ವರ್ಷ ನೋಡೋಣ ಅಂತ ಸುಮ್ನಾಗ್ತಿದ್ದೆ.

ಅವಳ ಎಡಗೆನ್ನೆ ಮೇಲೆ, ಕಣ್ಣಿನ ಕೆಳಗೆ, ಹುಟ್ಟಿದಾಗಿಂದ ಒಂದು ದೊಡ್ಡ ಕಂದು ಮಚ್ಚೆ ಇದೆ. ಕಾರ್ಡಲ್ಲಿ ಅದನ್ನ ಪೂರ್ತಿ ಅಳಿಸಿ, ಮುಖವೆಲ್ಲಾ ನುಣ್ಣಗೆ ಮಾಡಿ, ಮೈಬಣ್ಣಾನೂ ಬೆಳ್ಳಗೆ ಮಾಡಿದಾರೆ. ಅಡ್ಮಿಷನ್ ಫಾರಂನಲ್ಲಿ ಗುರುತಿನ ಚಿಹ್ನೆ ಅನ್ನೋ ಜಾಗದಲ್ಲಿ ನಾವು ಬರೆದಿರೋದೇ ಆ ಮಚ್ಚೆ, ನಿಮ್ಮ ಫೈಲ್ ತೆಗೆದು ನೋಡಿದ್ರೆ ಸಿಗುತ್ತೆ. ಯಾವ ಗುರುತಿಂದ ಮಗುನ ಗುರುತಿಸ್ಬೇಕೋ ಅದೇ ಕಾರ್ಡಲ್ಲಿ ಇಲ್ಲ. ಬುಧವಾರ ಟೆಸ್ಟಿಗೆ ಬೇರೆ ಸೆಕ್ಷನ್ ಮೇಡಂ ಬಂದಿದ್ರಂತೆ, ಕಾರ್ಡ್ ನೋಡಿ ಇವಳ ಮುಖ ನೋಡಿ ಇದು ನಿಂದೇನಾ ಅಂತ ಎರಡು ಸಲ ಕೇಳಿದ್ರಂತೆ. ಅವರ ತಪ್ಪಿಲ್ಲ, ನಾನಿದ್ರೂ ಕೇಳ್ತಿದ್ದೆ.

ಇನ್ನೊಂದು ಮಾತು ಹೇಳ್ಲೇಬೇಕು. ಚಿಕ್ಕವಳಿದ್ದಾಗ ಯಾರಾದ್ರೂ ಫೋಟೋ ತೆಗೀತೀನಿ ಅಂದ್ರೆ ಸಾಕು ಕೆನ್ನೆಗೆ ಕೈ ಇಟ್ಕೋತಿದ್ಲು, ಆ ಅಭ್ಯಾಸ ಬಿಡಿಸೋಕೆ ನಮಗೆ ವರ್ಷಗಳೇ ಹಿಡೀತು, ಈಗ ಎರಡು ವರ್ಷದಿಂದ ನೇರವಾಗಿ ನಿಂತು ನಗ್ತಾಳೆ. ಸೋಮವಾರ ಸಂಜೆ ಕಾರ್ಡ್ ತಂದು ಟೇಬಲ್ ಮೇಲೆ ಇಟ್ಟು, "ಅಮ್ಮಾ, ಮಚ್ಚೆ ಇದ್ರೆ ಸ್ಕೂಲವ್ರಿಗೆ ಚೆನ್ನಾಗಿ ಕಾಣ್ಸಲ್ವಾ?" ಅಂದ್ಲು. ಅವತ್ತಿಂದ ಕಾರ್ಡ್ ಹಾಕ್ಕೊಂಡು ಫೋಟೋ ಎದೆ ಕಡೆ ತಿರುಗಿಸ್ಕೊಂಡೇ ಇರ್ತಾಳೆ. ಎಡಿಟ್ ಮಾಡಿದವರು ಒಳ್ಳೇದಾಗ್ಲಿ ಅಂತಲೇ ಮಾಡಿರ್ಬಹುದು, ಎಲ್ಲಾ ಮಕ್ಕಳ ಫೋಟೋಗೂ ಒಂದೇ ಫಿಲ್ಟರ್ ಹಾಕಿರ್ಲೂಬಹುದು, ಆದ್ರೆ ಮಗುಗೆ ಅದು ಹಾಗೆ ತಲುಪಲ್ಲ.

ಈ ಪತ್ರದ ಜೊತೆ ಹೊಸ ಫೋಟೋ 2 ಪ್ರಿಂಟ್ ಕವರಲ್ಲಿ ಇಟ್ಟಿದೀನಿ, 35 x 45 ಮಿಲಿಮೀಟರ್, ಹಿಂದೆ ಕ್ಲಾಸ್ ಮತ್ತು ರೋಲ್ ನಂಬರ್ ಪೆನ್ಸಿಲಲ್ಲಿ ಬರೆದಿದೆ. ಯೂನಿಫಾರ್ಮ್‌ನಲ್ಲೇ, ಬಿಳಿ ಗೋಡೆ ಮುಂದೆ, ಕಿಟಕಿ ಬೆಳಕಲ್ಲಿ ತೆಗೆದಿರೋದು, ಎರಡೂ ಕಿವಿ ಕಾಣುತ್ತೆ, ಎಡಿಟ್ ಏನೂ ಮಾಡಿಲ್ಲ. ಇದರ ಸಾಫ್ಟ್ ಕಾಪಿ ಆಫೀಸ್ ಇಮೇಲಿಗೂ ಕಳ್ಸಿದೀನಿ, ಫೈಲ್ ಹೆಸರು 8B_23.jpg, ಅಳತೆ 413 x 531 ಪಿಕ್ಸೆಲ್. ವಾಟ್ಸಾಪಲ್ಲಿ ಫೋಟೋ ಹಾಗೇ ಕಳ್ಸಿದ್ರೆ ಕ್ವಾಲಿಟಿ ಕಮ್ಮಿ ಆಗುತ್ತೆ ಅಂತ ಇಮೇಲ್ ಮಾಡಿದ್ದು. ಪ್ರಿಂಟ್ ಮಾಡೋವ್ರಿಗೆ ದಯವಿಟ್ಟು ಒಂದು ಮಾತು ಹೇಳಿ, ಸೈಜ್ ಹೊಂದದಿದ್ರೆ ಮೇಲೆ ಕೆಳಗೆ ಕ್ರಾಪ್ ಮಾಡ್ಲಿ, ಎಳೆಯೋದು ಬೇಡ, ಮುಖಕ್ಕಂತೂ ಏನೂ ಮಾಡೋದು ಬೇಡ.

ಕಾರ್ಡ್ ಒಂದೇ ಅಲ್ಲ, ನಿಮ್ಮ ಕಂಪ್ಯೂಟರ್ ರೆಕಾರ್ಡಲ್ಲೂ ಈ ಫೋಟೋನೇ ಹಾಕ್ಬೇಕು, ಇಲ್ಲಾಂದ್ರೆ ಮುಂದೆ ಹಾಲ್ ಟಿಕೆಟಿಗೂ ಹಳೇದೇ ಬಂದುಬಿಡುತ್ತೆ. ಪರೀಕ್ಷೆ 14ನೇ ತಾರೀಖಿಂದ ಶುರು, ಅಷ್ಟರೊಳಗೆ ಕಾರ್ಡ್ ಆಗದಿದ್ರೆ ಹೊಸ ಫೋಟೋ ಅಂಟಿಸಿ ಸೀಲ್ ಹಾಕಿ ಒಂದು ಚೀಟಿ ಕೊಟ್ರೂ ಸಾಕು. ಹಳೇ ಕಾರ್ಡ್ ಹೊಸದು ಬಂದ ದಿನವೇ ವಾಪಸ್ ಕೊಡ್ತೀವಿ. ಫೀಸ್ ಇದ್ರೆ ಹೇಳಿ ಕಳ್ಸಿ, ಕಟ್ತೀವಿ.

ಅವಳ ಪಕ್ಕದಲ್ಲಿ ಕೂರೋ ಹುಡುಗನ ಕಾರ್ಡಲ್ಲೂ ಕನ್ನಡಕದ ಒಂದು ಕಡ್ಡಿ ಮಾಯ ಆಗಿದೆಯಂತೆ, ಹಾಗಾಗಿ ಆ ಸೆಕ್ಷನ್ ಕಾರ್ಡೆಲ್ಲಾ ಒಂದ್ಸಲ ನೋಡಿದ್ರೆ ಒಳ್ಳೇದು. ನಾನು ಬಂದು ಸೈನ್ ಮಾಡ್ಬೇಕಾದ್ರೆ ಕಾರ್ಡಿನಲ್ಲಿರೋ ನಂಬರಿಗೆ ಫೋನ್ ಮಾಡಿ, ಮಧ್ಯಾಹ್ನ 3 ಗಂಟೆ ಮೇಲೆ ಯಾವತ್ತಾದ್ರೂ ಬರ್ತೀನಿ.

ಇಂತಿ ನಮಸ್ಕಾರಗಳೊಂದಿಗೆ,
8 ಬಿ, ರೋಲ್ ನಂಬರ್ 23ರ ಅಮ್ಮ

ಜೊತೆಗೆ: ಫೋಟೋ 2, ಈಗಿನ ಕಾರ್ಡಿನ ಜೆರಾಕ್ಸ್ 1