ಹೊಸ ಇಂಟರ್ನ್ ಡಾಕ್ಟರ್‌ಗಳಿಗೆ ಮೊದಲ ವಾರದ ವೇಳಾಪಟ್ಟಿ: 6ರಿಂದ 11 ಏಪ್ರಿಲ್ 2026, ರಾಯಚೂರು

ಇಂಟರ್ನ್‌ಶಿಪ್ ಉಸ್ತುವಾರಿ ವಿಭಾಗದಿಂದ, ಈ ಬ್ಯಾಚಿನ 48 ಮಂದಿಗೆ

ಮುಂದಿನ 12 ತಿಂಗಳು ನೀವು ಈ ಆಸ್ಪತ್ರೆಯ ಕೈಕಾಲು. ಎಂಟು ಮಂದಿಯ ಆರು ಗುಂಪು ಮಾಡಿದ್ದೇವೆ. ಗುಂಪಿನ ಪಟ್ಟಿ ಸೆಮಿನಾರ್ ಹಾಲ್ ಬಾಗಿಲಿಗೆ ಅಂಟಿಸಿದೆ. ಈ ವಾರ ಯಾರಿಗೂ ಒಬ್ಬಂಟಿ ಡ್ಯೂಟಿ ಇಲ್ಲ. ಪಿಜಿ ಅಥವಾ ಡ್ಯೂಟಿ ಡಾಕ್ಟರ್ ಜೊತೆಗೇ ಇರುತ್ತೀರಿ. ನಿಮ್ಮಿಂದ ನಾನು ಕೇಳುವುದು ಒಂದೇ: ಅನುಮಾನ ಬಂದರೆ ಕರೆಯಿರಿ. ರಾತ್ರಿ ಮೂರು ಗಂಟೆಯಾದರೂ ಕರೆಯಿರಿ. "ಇಷ್ಟಕ್ಕೆಲ್ಲಾ ಎಬ್ಬಿಸ್ತೀಯಾ?" ಅಂತ ಯಾರಾದರೂ ರೇಗಿದರೆ ಆ ಮಾತನ್ನು ನನಗೆ ತಲುಪಿಸಿ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಸೋಮವಾರ, 6 ಏಪ್ರಿಲ್: ಸೇರ್ಪಡೆ

ಬೆಳಿಗ್ಗೆ 9ಕ್ಕೆ ಮೊದಲ ಮಹಡಿಯ ಸೆಮಿನಾರ್ ಹಾಲ್‌ಗೆ ಬನ್ನಿ. ತಾತ್ಕಾಲಿಕ ನೋಂದಣಿ ಪತ್ರದ ಎರಡು ಝೆರಾಕ್ಸ್, ಎರಡು ಫೋಟೋ, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ತನ್ನಿ. ಮೂರು ಡೋಸ್ ಮುಗಿಯದಿದ್ದರೆ ಅವತ್ತೇ ಶುರು ಮಾಡುತ್ತೇವೆ, ಮುಚ್ಚಿಡಬೇಡಿ. ಐಡಿ ಕಾರ್ಡ್ ಹಿಂಬದಿಯಲ್ಲಿ ಬ್ಲಡ್ ಬ್ಯಾಂಕ್, ಕ್ಯಾಶುವಾಲಿಟಿ, ಸೆಕ್ಯುರಿಟಿ ನಂಬರ್‌ಗಳಿವೆ. ಮೊಬೈಲಿನಲ್ಲೂ ಉಳಿಸಿಕೊಳ್ಳಿ.

11ಕ್ಕೆ ನಿಯಮಗಳ ಮಾತು, ಬೇಗ ಮುಗಿಸುತ್ತೇವೆ. ಇಡೀ ವರ್ಷಕ್ಕೆ ರಜೆ 15 ದಿನ. ಲಾಗ್‌ಬುಕ್ ಅನ್ನು ಆಯಾ ದಿನವೇ ತುಂಬಿ, ಪೋಸ್ಟಿಂಗ್ ಮುಗಿಯುವ ಹಿಂದಿನ ರಾತ್ರಿ ಕೂತು ತುಂಬಬೇಡಿ. ಮರಣ ಪ್ರಮಾಣಪತ್ರ, ಫಿಟ್‌ನೆಸ್ ಸರ್ಟಿಫಿಕೇಟ್, ಎಂಎಲ್‌ಸಿ ಯಾವುದಕ್ಕೂ ಇಂಟರ್ನ್ ಸ್ವಂತ ಸಹಿ ಹಾಕುವಂತಿಲ್ಲ. ಎಷ್ಟೇ ಒತ್ತಾಯ ಬಂದರೂ ಹಾಕಬೇಡಿ.

ಮಧ್ಯಾಹ್ನ 2ಕ್ಕೆ ಆಸ್ಪತ್ರೆ ಸುತ್ತಾಟ. ಆಕ್ಸಿಜನ್ ವಾಲ್ವ್, ಕ್ರ್ಯಾಶ್ ಕಾರ್ಟ್, ಬೆಂಕಿ ಆರಿಸುವ ಸಿಲಿಂಡರ್, ಹಿಂಬಾಗಿಲು ಎಲ್ಲಿವೆ ಅಂತ ಕಣ್ಣಾರೆ ನೋಡಿಕೊಳ್ಳಿ. ಕರೆಂಟ್ ಹೋದಾಗ ಕತ್ತಲಲ್ಲೂ ನಿಮ್ಮ ಕೈ ಆಂಬು ಬ್ಯಾಗ್‌ಗೆ ನೇರ ಹೋಗಬೇಕು.

ಮಂಗಳವಾರ, 7 ಏಪ್ರಿಲ್: ವಾರ್ಡ್

ಬೆಳಿಗ್ಗೆ 7:30ಕ್ಕೆ ನಿಮ್ಮ ಗುಂಪಿನ ವಾರ್ಡ್‌ನಲ್ಲಿರಿ. 9ಕ್ಕೆ ರೌಂಡ್ಸ್. ಅಷ್ಟರೊಳಗೆ ನಿಮ್ಮ ರೋಗಿಗಳ ಬಿಪಿ, ನಾಡಿ, ಉಸಿರಿನ ಲೆಕ್ಕ, ಜ್ವರ, ರಾತ್ರಿ ಎಷ್ಟು ಮೂತ್ರ ಹೋಯಿತು ಎಲ್ಲಾ ನೋಡಿ ಬರೆದಿರಬೇಕು. ಉಸಿರನ್ನು ಗಡಿಯಾರ ಹಿಡಿದು ಎಣಿಸಿ. ಎಲ್ಲರ ಶೀಟಿನಲ್ಲೂ 18 ಅಂತ ಬರೆಯುವ ಚಾಳಿ ಬಿಡಿ. ರೋಗಿ ಕೆಡುವ ಮೊದಲು ಬದಲಾಗುವುದು ಹೆಚ್ಚಾಗಿ ಈ ಸಂಖ್ಯೆಯೇ.

11ಕ್ಕೆ ರಕ್ತ ತೆಗೆಯುವುದು, ಕ್ಯಾನುಲಾ ಹಾಕುವುದು. ಇಲ್ಲಿ ಒಂದು ನಿಮಿಷ ನಿಲ್ಲಿ, ನನ್ನದೇ ಒಂದು ಕಥೆ ಹೇಳುತ್ತೇನೆ.

ನಾನು ಇಂಟರ್ನ್ ಆಗಿದ್ದಾಗ, ಬೇರೆ ಊರಿನ ಆಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿನ ಅಕ್ಕಪಕ್ಕದ ಮಂಚದಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಇಬ್ಬರಿಗೂ ರಕ್ತ ಕಡಿಮೆ. ಇಬ್ಬರದೂ ಸ್ಯಾಂಪಲ್ ತೆಗೆದೆ, ಲೇಬಲ್ ಹಾಕದ ಟ್ಯೂಬ್‌ಗಳನ್ನು ಏಪ್ರನ್ ಜೇಬಿಗೆ ಹಾಕಿಕೊಂಡೆ, ಸಿಸ್ಟರ್ ಟೇಬಲ್ ಹತ್ತಿರ ಬಂದು ಹೆಸರು ಬರೆದೆ. ಒಬ್ಬರ ಹಳೆಯ ಕಾರ್ಡಿನಲ್ಲಿದ್ದ ಗ್ರೂಪ್‌ಗೂ ಹೊಸದಾಗಿ ಬಂದ ಗ್ರೂಪ್‌ಗೂ ತಾಳೆಯಾಗಲಿಲ್ಲ. ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಅದನ್ನು ಹಿಡಿದು ಫೋನ್ ಮಾಡಿದರು. ಅವರು ಆ ಕಾರ್ಡ್ ನೋಡದೇ ಇದ್ದಿದ್ದರೆ ಆ ತಾಯಿ ಉಳಿಯುತ್ತಿರಲಿಲ್ಲವೇನೋ. ಇವತ್ತಿಗೂ ಟ್ಯೂಬ್ ಕೈಗೆತ್ತಿಕೊಂಡಾಗ ಆ ಫೋನ್ ಕರೆ ನೆನಪಾಗುತ್ತದೆ.

ನಮ್ಮ ಭಾಗದಲ್ಲಿ ಹುಲಿಗೆಮ್ಮ, ಹನುಮಂತ, ಮೌನೇಶ ಅನ್ನುವ ಹೆಸರು ಒಂದೇ ವಾರ್ಡಿನಲ್ಲಿ ಮೂರು ಮಂದಿಗೆ ಇರುವುದುಂಟು. ಅದಕ್ಕೇ ಟ್ಯೂಬಿಗೆ ಲೇಬಲ್ ಮಂಚದ ಪಕ್ಕದಲ್ಲೇ, ರಕ್ತ ತೆಗೆದ ಕೂಡಲೇ. "ನೀವು ಹುಲಿಗೆಮ್ಮ ಅಲ್ವಾ?" ಅಂತ ಕೇಳಬೇಡಿ, ಸುಮ್ನೆ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರೇನು, ಯಾವ ಊರು?" ಅಂತ ಕೇಳಿ, ಅವರ ಬಾಯಿಂದಲೇ ಹೇಳಿಸಿ, ಐಪಿ ನಂಬರ್ ಜೊತೆ ತಾಳೆ ನೋಡಿ.

ರಕ್ತ ಏರಿಸುವಾಗ ಬ್ಯಾಗನ್ನು ಇಬ್ಬರು ನೋಡಬೇಕು. ಬ್ಲಡ್ ಬ್ಯಾಂಕಿನಿಂದ ಹೊರಬಂದ 30 ನಿಮಿಷದೊಳಗೆ ಶುರು, ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಮೊದಲ 15 ನಿಮಿಷ ಮಂಚದ ಪಕ್ಕ ಬಿಟ್ಟು ಕದಲಬೇಡಿ. ಚಳಿ, ಸೊಂಟ ನೋವು, ಎದೆ ಬಿಗಿತ ಅಂದರೆ ಮೊದಲು ರಕ್ತ ನಿಲ್ಲಿಸಿ, ಆಮೇಲೆ ಫೋನ್.

ಸಂಜೆ 4ಕ್ಕೆ ಹ್ಯಾಂಡ್‌ಓವರ್ ಅಭ್ಯಾಸ. ರೋಗಿ ಯಾರು, ಏನಾಗಿದೆ, ಈಗ ಹೇಗಿದ್ದಾರೆ, ರಾತ್ರಿ ಏನು ನೋಡಬೇಕು ಇಷ್ಟೂ ಮಂಚದ ಹತ್ತಿರವೇ ನಿಂತು ಹೇಳಿ. ವಾಟ್ಸಾಪ್ ಮೆಸೇಜ್ ಹಾಕಿ ಮನೆಗೆ ಹೋದರೆ ಅದು ಹ್ಯಾಂಡ್‌ಓವರ್ ಅಲ್ಲ.

ಬುಧವಾರ ಮತ್ತು ಗುರುವಾರ, 8 ಮತ್ತು 9 ಏಪ್ರಿಲ್: ಕ್ಯಾಶುವಾಲಿಟಿ

ಇದಕ್ಕೆ ಎರಡು ದಿನ ಇಟ್ಟಿದ್ದೇವೆ. ಗುಂಪು 1ರಿಂದ 3 ಬುಧವಾರ ಬೆಳಿಗ್ಗೆ 8ರಿಂದ ರಾತ್ರಿ 8, ಗುಂಪು 4ರಿಂದ 6 ಗುರುವಾರ ಅದೇ ಹೊತ್ತು. ಉಳಿದವರಿಗೆ ಆ ದಿನ ಸ್ಕಿಲ್ ಲ್ಯಾಬ್‌ನಲ್ಲಿ ಸಿಪಿಆರ್, ಆಂಬು, ಹೊಲಿಗೆ.

ಮೊದಲು ಭಾಷೆ. ಬೆಂಗಳೂರು, ಮೈಸೂರು ಕಡೆಯಿಂದ ಬಂದವರು ಗಮನ ಕೊಡಿ. "ಎಣ್ಣಿ ಕುಡ್ದಾನ್ರೀ" ಅಂತ ದೇವದುರ್ಗ ಕಡೆಯಿಂದ ಒಬ್ಬನನ್ನು ಹೊತ್ತು ತಂದರೆ ಅದು ಹೆಂಡ ಅಂದುಕೊಂಡು ಮೂಲೆಯಲ್ಲಿ ಮಲಗಿಸಬೇಡಿ. ಇಲ್ಲಿ ಎಣ್ಣಿ ಅಂದರೆ ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕ. ಹತ್ತಿರ ಹೋಗಿ ವಾಸನೆ, ಬಾಯಿಂದ ಸುರಿಯುವ ಜೊಲ್ಲು, ಸೂಜಿಮೊನೆಯಂಥ ಕಣ್ಣಿನ ಪಾಪೆ, ಒದ್ದೆ ಎದೆ ನೋಡಿ. "ಹುಳ ಮುಟ್ಟೈತಿ" ಅಂದರೆ ಹಾವು. ಹಾವಿನ ಹೆಸರು ಬಾಯಲ್ಲಿ ತೆಗೆಯಲು ಹಿರಿಯರು ಹೆದರುತ್ತಾರೆ. ಗದ್ವಾಲ್, ಮಂತ್ರಾಲಯ ಕಡೆಯವರು ತೆಲುಗಿನಲ್ಲಿ, ಪಟ್ಟಣದ ಹಲವರು ಉರ್ದುವಿನಲ್ಲಿ ಹೇಳುತ್ತಾರೆ. ಅರ್ಥ ಆಗದಿದ್ದರೆ ವಾರ್ಡ್ ಆಯಾ ಅವರನ್ನು ಕೇಳಿ, ಅವರಿಗೆ ಮೂರೂ ಬರುತ್ತದೆ.

ವಿಷ ಕುಡಿದವರು: ಕೈಗವಸು ಹಾಕಿ, ಬಟ್ಟೆ ಬಿಚ್ಚಿ, ಮೈ ತೊಳೆಸಿ. ಬಟ್ಟೆಯಲ್ಲೂ ವಿಷ ಇರುತ್ತದೆ. ಉಸಿರಿನ ದಾರಿ ಮೊದಲು. ಅಟ್ರೊಪಿನ್ ಆಂಪೂಲ್ ಒಂದರಲ್ಲಿ 0.6 ಮಿಲಿಗ್ರಾಂ. ದೊಡ್ಡವರಿಗೆ ಮೂರರಿಂದ ಐದು ಆಂಪೂಲ್‌ನಿಂದ ಶುರು. ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತ್ ಇಟ್ಟು ಕೇಳಿ. ಸುಧಾರಣೆ ಕಾಣದಿದ್ದರೆ ಡೋಸ್ ದುಪ್ಪಟ್ಟು. ಎದೆ ಒಣಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು. ಪಾಪೆ ಒಂದನ್ನೇ ನೋಡಿ ಅಳೆಯಬೇಡಿ. ಇದೆಲ್ಲಾ ಪಿಜಿ ಹೇಳಿದ ಮೇಲೆ. ಆದರೆ ಆಂಪೂಲ್ ಒಡೆದು ಸಿದ್ಧವಾಗಿರುವುದು ನಿಮ್ಮ ಕೆಲಸ. ಆ ಮನುಷ್ಯ ಎಚ್ಚರಾದ ಮೇಲೆ "ಯಾಕೆ ಹೀಗೆ ಮಾಡ್ಕೊಂಡಿ?" ಅಂತ ಗದರಬೇಡಿ. ಸಾಲ, ಬೆಳೆ, ಮನೆಯ ಜಗಳ ಏನಿದೆಯೋ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಹೆಸರು ಹಿಡಿದು ಮಾತಾಡಿಸಿ, ಮನೋವೈದ್ಯ ವಿಭಾಗಕ್ಕೆ ಕರೆ ಕಳಿಸಿ.

ಹಾವು ಕಚ್ಚಿದವರು: ಹಗ್ಗ ಬಿಗಿದು ಬಂದಿದ್ದರೆ ಪಟ್ಟನೆ ಕತ್ತರಿಸಬೇಡಿ. ಲೈನ್ ಹಾಕಿ, ಎಎಸ್‌ವಿ ತಯಾರಿಟ್ಟು, ಸೀನಿಯರ್ ಎದುರು ನಿಧಾನ ಸಡಿಲಿಸಿ. ಒಣಗಿದ ಶುದ್ಧ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಡಿ, ಆಮೇಲೆ ಒಂದೇ ಸಲ ಬಗ್ಗಿಸಿ ನೋಡಿ. ಹೆಪ್ಪುಗಟ್ಟದಿದ್ದರೆ ಮಂಡಲ ಅಥವಾ ಉರಿಮಂಡಲದ ವಿಷ ಇರಬಹುದು. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು ಅಂತ ಬಂದು, ರೆಪ್ಪೆ ಜೋತುಬಿದ್ದಿದ್ದರೆ, ಕಚ್ಚಿದ ಗುರುತೇ ಕಾಣದಿದ್ದರೂ ಕಟ್ಟುಹಾವು ನೆನಪಿಗೆ ಬರಲಿ. ಎಎಸ್‌ವಿ ಶುರು ಮಾಡುವ ಮುನ್ನ ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದಿಟ್ಟಿರಬೇಕು.

ಬಿಸಿಲು: ಏಪ್ರಿಲ್ ಅಲ್ವಾ, ಕೂಲಿ ಕೆಲಸದಿಂದ ನೇರ ಬರುತ್ತಾರೆ. ಮೈ 40 ಡಿಗ್ರಿ, ಮಾತು ತೊದಲು ಅಂದರೆ ಅದು ಬರೀ ಸುಸ್ತಲ್ಲ. ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ, ಫ್ಯಾನ್ ಹಚ್ಚಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ.

ಗರ್ಭಿಣಿಗೆ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ, ಆಕ್ಸಿಜನ್ ಕೊಟ್ಟು, ಹೆರಿಗೆ ವಿಭಾಗಕ್ಕೆ ಕೂಗಿ. ಮ್ಯಾಗ್ನೀಷಿಯಂ ಸಲ್ಫೇಟ್ ಕ್ರ್ಯಾಶ್ ಕಾರ್ಟಿನ ಎರಡನೇ ಡ್ರಾಯರ್‌ನಲ್ಲಿದೆ.

ಶುಕ್ರವಾರ, 10 ಏಪ್ರಿಲ್: ಬರವಣಿಗೆ ಮತ್ತು ಸುರಕ್ಷತೆ

ಬೆಳಿಗ್ಗೆ 9ಕ್ಕೆ ಕೇಸ್ ಶೀಟ್. ಪ್ರತಿ ಟಿಪ್ಪಣಿಗೂ ತಾರೀಖು, ಗಂಟೆ, ಹೆಸರು, ಸಹಿ. ನೋಡಿದ್ದನ್ನು ಬರೆಯಿರಿ, ನೋಡದ್ದನ್ನು ಬರೆಯಬೇಡಿ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡಿ. ವೈಟ್ನರ್ ಬೇಡ. ಔಷಧದ ಹೆಸರು ದೊಡ್ಡಕ್ಷರದಲ್ಲಿ. ಅರ್ಧ ಅಂದರೆ 0.5, ಐದು ಅಂದರೆ ಬರೀ 5. 5.0 ಅಂತ ಬರೆದರೆ ಚುಕ್ಕೆ ಮಾಸಿ 50 ಆಗುತ್ತದೆ. ಇನ್ಸುಲಿನ್‌ಗೆ ಯೂನಿಟ್ ಅನ್ನುವ ಪದವನ್ನು ಪೂರ್ತಿ ಬರೆಯಿರಿ. ಫೋನಿನಲ್ಲಿ ಬಂದ ಆರ್ಡರ್ ಅನ್ನು ತಿರುಗಿ ಓದಿ ಹೇಳಿ, ಆಮೇಲೆ ಬರೆಯಿರಿ.

ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಎರಡು ಸಾಲು ಕನ್ನಡದಲ್ಲಿ ಇರಲಿ: ಯಾವ ಗುಳಿಗೆ ಬೆಳಿಗ್ಗೆ, ಯಾವುದು ರಾತ್ರಿ, ಏನಾದರೆ ವಾಪಸ್ ಬರಬೇಕು. ಓದಲು ಬಾರದವರಿಗೆ ಗುಳಿಗೆ ಪಟ್ಟಿ ಕೈಯಲ್ಲಿ ಹಿಡಿದು ತೋರಿಸಿ, ಅವರಿಂದ ತಿರುಗಿ ಹೇಳಿಸಿ. ರೋಗಿ ಚಿಕಿತ್ಸೆ ಬೇಡ ಅಂತ ಹೊರಟರೆ ಸುಮ್ನೆ ಹೆಬ್ಬೆಟ್ಟು ಒತ್ತಿಸಿ ಕಳಿಸಬೇಡಿ. ಯಾಕೆ ಅಂತ ಕೇಳಿ. ಎಷ್ಟೋ ಸಲ ದುಡ್ಡಿನ ಚಿಂತೆ ಇರುತ್ತದೆ. ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರ್‌ಗೆ ಒಬ್ಬರು ಜೊತೆಗೆ ಹೋದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಎಂಎಲ್‌ಸಿ ಪುಸ್ತಕ ತುಂಬುವುದು ಕ್ಯಾಶುವಾಲಿಟಿ ಮೆಡಿಕಲ್ ಆಫೀಸರ್. ನೀವು ಗಾಯದ ಅಳತೆ ಹಿಡಿಯಿರಿ, ಬಟ್ಟೆ ಜೋಪಾನ ಮಾಡಿ, ಪೊಲೀಸರಿಗೆ ತಿಳಿಸಿದ ಗಂಟೆ ಬರೆಯಿರಿ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ತಿಳಿಸುವುದು ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಪೊಲೀಸರು ಬರಲಿ ಅಂತ ಚಿಕಿತ್ಸೆ ತಡೆಯುವಂತಿಲ್ಲ.

ಮಧ್ಯಾಹ್ನ 2ಕ್ಕೆ ಸೂಜಿ ಮತ್ತು ಕಸ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಕೈಗವಸು, ಸಲೈನ್ ಪೈಪು ಕೆಂಪಿಗೆ. ಗಾಜಿನ ಆಂಪೂಲ್ ನೀಲಿಗೆ. ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ಹಾಸಿಗೆಯ ಮೇಲೆ ಬಿಟ್ಟ ಸೂಜಿ ಚುಚ್ಚುವುದು ಬೆಳಿಗ್ಗೆ ಹಾಸಿಗೆ ಬದಲಿಸಲು ಬರುವ ಅಕ್ಕನಿಗೆ.

ನಿಮಗೇ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಇಡಬೇಡಿ. ತಕ್ಷಣ ಕ್ಯಾಶುವಾಲಿಟಿಗೆ ಬನ್ನಿ. ಎಚ್‌ಐವಿ ತಡೆ ಔಷಧ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟುವಂತಿಲ್ಲ, ಪೂರ್ತಿ 28 ದಿನ. ಬೈಸಿಕೊಳ್ಳಬೇಕಾಗುತ್ತೆ ಅಂತ ಹೆದರಿ ಹಾಸ್ಟೆಲ್‌ಗೆ ಹೋಗಿ ಮಲಗಿದವರನ್ನು ನೋಡಿದ್ದೇನೆ. ಇಲ್ಲಿ ಯಾರೂ ಬೈಯುವುದಿಲ್ಲ.

4ಕ್ಕೆ ಸೆಕ್ಯುರಿಟಿ ಜೊತೆ ಮಾತು. ರೋಗಿ ತೀರಿಕೊಂಡ ಸುದ್ದಿಯನ್ನು ನೀವು ಒಬ್ಬರೇ ಹೇಳಬೇಡಿ, ಸೀನಿಯರ್ ಜೊತೆಗಿರಲಿ. ಬಾಗಿಲಿಗೆ ನಿಮ್ಮ ಬೆನ್ನಿರಲಿ, ಹೊರಗೆ ಬರುವ ದಾರಿ ತೆರೆದಿರಲಿ. ಕೂಗಾಟ ಶುರುವಾದರೆ ಎದುರುತ್ತರ ಕೊಡದೆ ಹಿಂದೆ ಸರಿದು ಸೆಕ್ಯುರಿಟಿಗೆ ಕರೆ ಮಾಡಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದ ಕಾಯ್ದೆ ಇದೆ. ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯೇ ಎಫ್‌ಐಆರ್ ದಾಖಲಿಸಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2024ರ ಆಗಸ್ಟ್‌ನಲ್ಲಿ ಆದೇಶ ಮಾಡಿದೆ. ದೂರಿನ ಹೊರೆ ನಿಮ್ಮೊಬ್ಬರ ಮೇಲಿಲ್ಲ. ರಾತ್ರಿ ಡ್ಯೂಟಿ ರೂಮಿಗೆ ಒಳಗಿನಿಂದ ಚಿಲಕ ಇದೆಯೇ ಅಂತ ನೋಡಿ. ಕೆಟ್ಟಿದ್ದರೆ ಅವತ್ತೇ ಹೇಳಿ. ಹಾಸ್ಟೆಲ್‌ಗೆ ತಡವಾಗಿ ಹೋಗುವವರು ಸೆಕ್ಯುರಿಟಿಯವರನ್ನು ಜೊತೆಗೆ ಕರೆದುಕೊಳ್ಳಿ, ಸಂಕೋಚ ಬೇಡ.

ಶನಿವಾರ, 11 ಏಪ್ರಿಲ್

ಎರಡನೇ ಶನಿವಾರವಾದರೂ ಬನ್ನಿ, 10ರಿಂದ 12 ಅಷ್ಟೇ. ಪರೀಕ್ಷೆ ಇಲ್ಲ. ಈ ವಾರ ಏನು ಅರ್ಥವಾಗಲಿಲ್ಲ, ಎಲ್ಲಿ ಹೆದರಿಕೆಯಾಯಿತು ಅಂತ ಹೆಸರು ಬರೆಯದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಅಲ್ಲೇ ಓದಿ ಉತ್ತರ ಹೇಳುತ್ತೇವೆ. 12ಕ್ಕೆ ಮೊದಲ ಪೋಸ್ಟಿಂಗ್ ಪಟ್ಟಿ ಕೈಗೆ ಸಿಗುತ್ತದೆ.

ಸೋಮವಾರ 13ರಂದು ಬೆಳಿಗ್ಗೆ 7:30ಕ್ಕೆ ನಿಮ್ಮ ನಿಮ್ಮ ವಾರ್ಡ್. ತಿಂಡಿ ತಿಂದು, ಎರಡು ಪೆನ್ನು, ಸೆಕೆಂಡ್ ಮುಳ್ಳಿರುವ ವಾಚು, ಒಂದು ಬಾಟಲಿ ನೀರು ಇಟ್ಟುಕೊಂಡು ಬನ್ನಿ.